ವಾಹಕ ಪರೀಕ್ಷೆಯ ವರದಿ: GJB2 ಜೀನ್, ದಂಪತಿ

ಯಾರದು: ಪತ್ನಿ, 27 ವರ್ಷ, 10 ವಾರದ ಗರ್ಭಿಣಿ. ಪತಿ, 31 ವರ್ಷ. ವಾಸ ಚಿಂಚವಡ, ಪುಣೆ. ಮೂಲ ಊರು ವಿಜಯಪುರ ಜಿಲ್ಲೆ.
ಸಂಬಂಧ: ಪತಿ, ಪತ್ನಿಯ ಸ್ವಂತ ಸೋದರಮಾವನ ಮಗ.
ಪರೀಕ್ಷೆಗೆ ಕಾರಣ: ಪತ್ನಿಯ ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವರ GJB2 ಜೀನಿನ ಎರಡೂ ಪ್ರತಿಗಳಲ್ಲಿ c.71G>A, p.Trp24Ter ಇರುವುದು ಮೊದಲೇ ಖಚಿತವಾಗಿದೆ.
ಮಾದರಿ: ಇಬ್ಬರ ರಕ್ತ. ವಿಧಾನ: GJB2 ಜೀನಿನ ಸೀಕ್ವೆನ್ಸಿಂಗ್.

ಫಲಿತಾಂಶ

ಪತ್ನಿ: c.71G>A, ಒಂದು ಪ್ರತಿಯಲ್ಲಿ. ರೋಗಕಾರಕ. ಪತ್ನಿ ವಾಹಕರು.
ಪತಿ: c.71G>A ಇಲ್ಲ. ಅದೇ ಜೀನಿನ ಒಂದು ಪ್ರತಿಯಲ್ಲಿ, ಒಂದು ಅಮೈನೊ ಆಮ್ಲವನ್ನು ಬದಲಿಸುವ ಬೇರೊಂದು ವ್ಯತ್ಯಾಸ ಇದೆ. ಅದರ ಮಹತ್ವ ಅನಿಶ್ಚಿತ (ವಿ.ಯು.ಎಸ್.). ಪೂರ್ಣ ಸಂಕೇತ ಲ್ಯಾಬ್‌ನ ಹಾಳೆಯಲ್ಲಿದೆ.

ವಿವರಣೆ

ಮೊದಲು ಗಟ್ಟಿಯಾಗಿ ಗೊತ್ತಿರುವುದು. ಒಳಕಿವಿಯ ಜೀವಕೋಶಗಳ ನಡುವೆ ಸಂಪರ್ಕದ ರಂಧ್ರಗಳನ್ನು ಕಟ್ಟುವ ಕನೆಕ್ಸಿನ್ 26 ಎಂಬ ಪ್ರೊಟೀನಿಗೆ GJB2 ಆಧಾರ. c.71G>A ಇದ್ದರೆ ಆ ಪ್ರೊಟೀನ್ ಶುರುವಾದಲ್ಲೇ ನಿಂತುಬಿಡುತ್ತದೆ. ಭಾರತದಲ್ಲಿ ಈ ಜೀನಿನಿಂದ ಬರುವ ಕಿವುಡುತನಕ್ಕೆ ಅತಿ ಸಾಮಾನ್ಯ ಕಾರಣ ಇದೇ. ಒಂದೇ ಪ್ರತಿಯಲ್ಲಿದ್ದರೆ ಕೇಳುವುದಕ್ಕೆ ತೊಂದರೆಯಿಲ್ಲ, ಪತ್ನಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಸಂಬಂಧದಲ್ಲಿ ಮದುವೆಯಾದ್ದರಿಂದ ಪತಿಯಲ್ಲೂ ಇದೇ ಇರಬಹುದೆಂಬ ಭಯ ಎರಡೂ ಮನೆಯವರಿಗಿತ್ತು. ಅದು ಇಲ್ಲ. ಈ ವರದಿಯ ಅತಿ ಮುಖ್ಯ ಸಾಲು ಇದೇ, ದಯವಿಟ್ಟು ಹಿರಿಯರಿಗೆ ಇದನ್ನೇ ಮೊದಲು ಹೇಳಿ.

ಇನ್ನು ಪತಿಯ ಆ ಬದಲಾವಣೆ. 2015ರಿಂದ ಲ್ಯಾಬ್‌ಗಳು ಪಾಲಿಸುತ್ತಿರುವ ಅಮೆರಿಕದ ವೈದ್ಯಕೀಯ ಜೆನೆಟಿಕ್ಸ್ ಸಂಸ್ಥೆ ಎ.ಸಿ.ಎಂ.ಜಿ.ಯ ನಿಯಮಗಳಲ್ಲಿ ಐದು ದರ್ಜೆಗಳಿವೆ: ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ಇದು ನಡುವಿನದು. ಕಂಪ್ಯೂಟರ್ ಅಂದಾಜುಗಳು ಒಂದಕ್ಕೊಂದು ಹೊಂದುತ್ತಿಲ್ಲ, ಕಿವಿ ಕೇಳಿಸದವರಲ್ಲಿ ಇದು ಕಂಡ ದಾಖಲೆ ಲ್ಯಾಬ್‌ಗೆ ಸಿಕ್ಕಿಲ್ಲ, ಜನಸಾಮಾನ್ಯರ ಡೇಟಾಬೇಸ್‌ಗಳಲ್ಲೂ ಬಲು ಅಪರೂಪ. ಆದರೆ ಆ ಡೇಟಾಬೇಸ್‌ಗಳಲ್ಲಿ ನಮ್ಮ ಜನರ ಪಾಲೇ ಕಡಿಮೆ. ಅಲ್ಲಿ ಅಪರೂಪವಾದದ್ದು ನಿಮ್ಮ ಸೀಮೆಯಲ್ಲಿ ಮಾಮೂಲಿಯೂ ಆಗಿರಬಹುದು.

ಹಾಗಾಗಿ ಪತಿಯನ್ನು ಇವತ್ತು ವಾಹಕರೆಂದು ಕರೆಯುವಂತಿಲ್ಲ, ವಾಹಕರಲ್ಲ ಎಂದೂ ಬರೆದುಕೊಡಲಾಗದು. ಬದಲಾವಣೆ ರೋಗಕಾರಕವೆಂದು ತೀರ್ಮಾನವಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಸೇರಿ ಬರುವ ಸಾಧ್ಯತೆ ಶೇ. 25. ನಿರುಪದ್ರವಿ ಎಂದಾದರೆ, ಮಗು ಅಮ್ಮನಂತೆ ವಾಹಕವಾಗುವ ಸಾಧ್ಯತೆ ಶೇ. 50, ಅದರಿಂದ ಕಿವಿಗೇನೂ ಆಗದು. ಇವೆರಡರ ನಡುವೆ "ಶೇ. 12 ಇರಬಹುದು" ಎಂದು ಯಾರಾದರೂ ಸರಾಸರಿ ತೆಗೆದು ಹೇಳಿದರೆ ನಂಬಬೇಡಿ. ಅಂಥ ಲೆಕ್ಕಕ್ಕೆ ಬುಡವೇ ಇಲ್ಲ.

ಮಾವನವರ ಪರೀಕ್ಷೆ

ನನಗೆ ನಿಜವಾದ ಭರವಸೆ ಇರುವುದು ಇಲ್ಲಿ. ಪತಿಯ ತಂದೆ, ಅಂದರೆ ಪತ್ನಿಯ ಸೋದರಮಾವ, ಪತ್ನಿಯ ತಾಯಿಯ ಒಡಹುಟ್ಟಿದವರು. ಅಣ್ಣನ ಫಲಿತಾಂಶದಿಂದ ತಾಯಿ ವಾಹಕರೆಂಬುದು ಸ್ಪಷ್ಟ. ಆದ್ದರಿಂದ ಮಾವನವರಲ್ಲೂ c.71G>A ಇರಬಹುದು, ಮಗನಿಗೆ ಬಂದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಆ ಸಾಧ್ಯತೆ ಮೂರರಲ್ಲೊಂದು. ಪತಿಯ ಅನಿಶ್ಚಿತ ಬದಲಾವಣೆಯೂ ಅವರಿಂದಲೇ ಬಂದಿದ್ದರೆ, ಅವರ ಎರಡು ಪ್ರತಿಗಳಲ್ಲಿ ಒಂದೊಂದು ಇದ್ದಂತಾಯಿತು. ಅಷ್ಟಿದ್ದೂ ಚಿಕ್ಕಂದಿನಿಂದ ಅವರಿಗೆ ಚೆನ್ನಾಗಿ ಕೇಳಿಸುತ್ತಿದ್ದರೆ, ಈ ಬದಲಾವಣೆ ನಿರುಪದ್ರವಿ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅವರ ರಕ್ತದ ಜೊತೆಗೆ, ಕಿವಿ ಎಷ್ಟು ಕೇಳಿಸುತ್ತದೆಂದು ಅಳೆಯುವ ಆಡಿಯೋಮೆಟ್ರಿಯನ್ನೂ ಮಾಡಿಸಿ. ವಯಸ್ಸಿನಿಂದ ಸ್ವಲ್ಪ ಮಂದವಾಗಿದ್ದರೆ ಅದನ್ನು ಬೇರೆಯಾಗಿಯೇ ಓದುತ್ತೇವೆ. ಅತ್ತೆಯವರ ರಕ್ತವನ್ನೂ ಒಟ್ಟಿಗೆ ಕಳಿಸಿ. ಬದಲಾವಣೆ ಅವರಿಂದ ಬಂದಿದ್ದರೆ ಈ ದಾರಿಯಿಂದ ಉತ್ತರ ಸಿಗುವುದಿಲ್ಲ, ಅದನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ಈ ಬಸಿರಿನ ಬಗ್ಗೆ

ಅನಿಶ್ಚಿತ ಬದಲಾವಣೆಗಾಗಿ ಗರ್ಭದಿಂದ ಮಾದರಿ ತೆಗೆಸುವುದನ್ನು ನಾನು ಸೂಚಿಸುವುದಿಲ್ಲ. ಮಗುವಿನಲ್ಲಿ ಎರಡೂ ಕಂಡರೂ ಮಗುವಿಗೆ ಕೇಳಿಸುತ್ತದೋ ಇಲ್ಲವೋ ಎಂದು ಇಂದು ಯಾರೂ ಹೇಳಲಾರರು. ಇದೊಂದನ್ನೇ ನೆಚ್ಚಿ ಬಸಿರಿನ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ಬಂಧುಗಳು ಒತ್ತಾಯಿಸಿದರೆ ಅವರನ್ನೂ ಕರೆದುಕೊಂಡು ಬನ್ನಿ, ನಾನೇ ಮಾತಾಡುತ್ತೇನೆ. ರಕ್ತಸಂಬಂಧದ ಮದುವೆಯೇ ತಪ್ಪು ಎಂದು ಸೊಸೆಯನ್ನೋ ಹಿರಿಯರನ್ನೋ ದೂರುವ ಮಾತು ಮನೆಯಲ್ಲಿ ಬೇಡ.

ಈ ಪರೀಕ್ಷೆ ನೋಡಿದ್ದು ಒಂದೇ ಜೀನನ್ನು. ಕಿವಿ ಕೇಳಿಸದಿರಲು ಬೇರೆ ಜೀನುಗಳೂ, ಬಸಿರಿನಲ್ಲಿ ತಗಲುವ ಸಿ.ಎಂ.ವಿ. ಎಂಬ ವೈರಸ್ಸಿನ ಸೋಂಕೂ, ಹುಟ್ಟಿದಾಗಿನ ತೀವ್ರ ಕಾಮಾಲೆಯೂ ಕಾರಣವಾಗಬಲ್ಲವು. ಆದ್ದರಿಂದ ಮಾವನವರ ಫಲಿತಾಂಶ ಏನೇ ಬರಲಿ, ಮಗು ಹುಟ್ಟಿದ ಮೊದಲ ತಿಂಗಳೊಳಗೆ ಶಿಶುವಿನ ಕಿವಿ ಕೇಳಿಸುತ್ತದೆಯೇ ಎಂದು ನೋಡುವ ಒ.ಎ.ಇ. ಅಥವಾ ಬೇರಾ ಪರೀಕ್ಷೆ ಮಾಡಿಸಿ. ಸಂದೇಹ ಬಂದರೆ ಮೂರು ತಿಂಗಳೊಳಗೆ ಖಚಿತಪಡಿಸಿಕೊಳ್ಳಬೇಕು, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ ಶುರುವಾಗಬೇಕು. ಅಣ್ಣನ ಕಾಲದಲ್ಲಿ ನಿಮ್ಮೂರಲ್ಲಿ ಸಿಗದ ಆ ಮೊದಲ ತಿಂಗಳುಗಳು ಈ ಮಗುವಿಗೆ ಸಿಗುತ್ತವೆ.

ಬದಲಾವಣೆಯ ದರ್ಜೆ ಮುಂದೆ ಬದಲಾಗಬಹುದು. ಒಂದು ವರ್ಷದ ನಂತರ, ಅಥವಾ ಮುಂದಿನ ಬಸಿರಿಗೆ ಮೊದಲು, ಈ ಹಾಳೆ ತಂದು ಮರುಪರಿಶೀಲನೆ ಕೇಳಿ.

ಜೆನೆಟಿಕ್ ಕೌನ್ಸೆಲರ್, ಪುಣೆ