ಕಿರಿಯ ಸಹಾಯಕರ ಆಯ್ಕೆ: ಸಂದರ್ಭಾಧಾರಿತ ಪ್ರಶ್ನೆಗಳು ಮತ್ತು ಅಂಕ ಸೂಚಿ

ಅಭ್ಯರ್ಥಿಗಳಿಗೆ

ನಮ್ಮ ಅಡಿಕೆ ಬೆಳೆಗಾರರ ಸಂಘದ ತೀರ್ಥಹಳ್ಳಿ ಶಾಖೆಗೆ ಈಗಷ್ಟೇ ಪದವಿ ಮುಗಿಸಿದವರನ್ನು ತೆಗೆದುಕೊಳ್ಳುತ್ತಿದ್ದೇವೆ. ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆಯ ಬಗೆಗಳ ವ್ಯತ್ಯಾಸ ನಿಮಗೆ ತಿಳಿದಿರಬೇಕಿಲ್ಲ. ಅದನ್ನು ನಾವು ಕಲಿಸುತ್ತೇವೆ. ಪ್ರತಿ ಸಂದರ್ಭದಲ್ಲೂ ಎಲ್ಲಕ್ಕಿಂತ ಸರಿಯಾದ ಒಂದು ನಡೆಯನ್ನೂ ಎಲ್ಲಕ್ಕಿಂತ ತಪ್ಪಾದ ಒಂದು ನಡೆಯನ್ನೂ ಗುರುತಿಸಿ.

ಸಂದರ್ಭ 1

ಹೊಸನಗರದ ಕಡೆಯ ರೈತರೊಬ್ಬರು 12 ಚೀಲ ಅಡಿಕೆ ತೂಗಿಸಿ, ಚೀಟಿ ಪಡೆದು, ಬಸ್ ನಿಲ್ದಾಣಕ್ಕೆ ಹೋಗಿದ್ದಾರೆ. ಏಳನೆಯ ಚೀಲಕ್ಕೆ 64 ಕಿಲೋ ಎಂದು ಬರೆಯುವ ಬದಲು ನೀವು ಪುಸ್ತಕದಲ್ಲೂ ಚೀಟಿಯಲ್ಲೂ 46 ಎಂದು ಬರೆದಿರುವುದು ಈಗ ಕಣ್ಣಿಗೆ ಬಿದ್ದಿದೆ. "ಮುಂದಿನ ಸಲ ಸರಿಮಾಡಿದರಾಯಿತು, ಬಿಡು" ಎಂದು ಹಿರಿಯ ಸಹೋದ್ಯೋಗಿ ಹೇಳುತ್ತಾರೆ. ವ್ಯವಸ್ಥಾಪಕರು ಒಳಗಿದ್ದಾರೆ.

ಅ. ಯಾರಿಗೂ ಹೇಳದೆ ಪುಸ್ತಕದಲ್ಲಿ 64 ಎಂದು ತಿದ್ದುತ್ತೀರಿ.
ಆ. ವ್ಯವಸ್ಥಾಪಕರಿಗೆ ತಿಳಿಸಿ, ಚೀಲವನ್ನು ಅವರೆದುರು ಮತ್ತೆ ತೂಗಿಸಿ, ರೈತರಿಗೆ ಫೋನ್ ಮಾಡಿ ಹೊಸ ಚೀಟಿ ಕೊಡುತ್ತೀರಿ.
ಇ. ರೈತರಿಗೆ ಫೋನ್ ಮಾಡಿ ಹೇಳಿ, ವ್ಯವಸ್ಥಾಪಕರಿಗೆ ನಾಳೆ ತಿಳಿಸುತ್ತೀರಿ.
ಈ. ಹಿರಿಯರ ಮಾತಿನಂತೆ ಸುಮ್ಮನಾಗುತ್ತೀರಿ.

ಸಂದರ್ಭ 2

ಜುಲೈ ತಿಂಗಳ ಬೆಳಿಗ್ಗೆ ಆಗುಂಬೆ ರಸ್ತೆಗೆ ಮರ ಬಿದ್ದು ನಿಮ್ಮ ಬಸ್ ನಿಂತಿದೆ. 10 ಗಂಟೆಗೆ ಕೌಂಟರ್ ತೆರೆಯಬೇಕಾದವರು ನೀವು. ಬಸ್ಸಿನಲ್ಲಿ ಸಿಗ್ನಲ್ ಇಲ್ಲ, ಹಿಂದಿನ ತಿರುವಿನಲ್ಲಿ ಸಿಗುತ್ತದೆ.

ಅ. ತಿರುವಿನವರೆಗೆ ನಡೆದು ಶಾಖೆಗೆ ತಿಳಿಸಿ, ಕೌಂಟರ್ ತೆರೆಯಲು ಇನ್ನೊಬ್ಬರನ್ನು ಕೇಳುತ್ತೀರಿ.
ಆ. ದಾರಿ ತೆರವಾಗುವವರೆಗೆ ಕಾದು, ತಲುಪಿದ ಮೇಲೆ ಕಾರಣ ಹೇಳುತ್ತೀರಿ.
ಇ. ಎದುರು ಬಸ್ ಹತ್ತಿ ಮನೆಗೆ ಮರಳಿ, ಮರುದಿನ ರಜೆ ಅರ್ಜಿ ಕೊಡುತ್ತೀರಿ.

ಮೌಲ್ಯಮಾಪಕರಿಗೆ ಮಾತ್ರ

ಸರಿಯಾದ ನಡೆಯ ಗುರುತು ಸೂಚಿಗೆ ಹೊಂದಿದರೆ 1, ತಪ್ಪಾದ ನಡೆಯದು ಹೊಂದಿದರೆ ಇನ್ನೊಂದು 1. ಸೂಚಿಯ ತಪ್ಪು ನಡೆಯನ್ನು ಸರಿಯೆಂದೋ, ಸರಿ ನಡೆಯನ್ನು ತಪ್ಪೆಂದೋ ಗುರುತಿಸಿದರೆ ಪ್ರತಿಯೊಂದಕ್ಕೂ 1 ಕಳೆಯಿರಿ. ಉಳಿದವಕ್ಕೆ ಸೊನ್ನೆ.

ಸಂದರ್ಭ 1: ಸರಿ ಆ, ತಪ್ಪು ಈ. ಸೂಚಿ ಸಿದ್ಧಪಡಿಸುವಾಗ ನಮ್ಮ ಐವರು ಹಿರಿಯ ಸಹಾಯಕರಲ್ಲಿ ಇಬ್ಬರು 'ಅ'ವೇ ಹೆಚ್ಚು ತಪ್ಪು ಎಂದರು, ಏಕೆಂದರೆ ರೈತರ ಕೈಯ ಚೀಟಿಯಲ್ಲಿ ಒಂದು ತೂಕ, ನಮ್ಮ ಪುಸ್ತಕದಲ್ಲಿ ಇನ್ನೊಂದು ತೂಕ ಉಳಿಯುತ್ತದೆ. ಆ ವಾದದಲ್ಲಿ ಹುರುಳಿದೆ. ಆದರೂ 'ಅ' ಆರಿಸಿದವರಿಗೆ ತಪ್ಪನ್ನು ಸರಿಪಡಿಸುವ ಮನಸ್ಸಿದೆ, ವಿಧಾನವನ್ನು ಕಲಿಸಬಹುದು. 'ಈ' ಆರಿಸಿದವರು 18 ಕಿಲೋ ಅಡಿಕೆಯ ಹಣ ರೈತರಿಗೆ ತಪ್ಪುವುದನ್ನು ತಿಳಿದೂ ಒಪ್ಪುತ್ತಾರೆ. 'ಇ' ಪ್ರಾಮಾಣಿಕವಾದರೂ, ನಾಳೆಯ ಹೊತ್ತಿಗೆ ಚೀಲದ ಅಡಿಕೆ ಬೇರೆಯವರ ಅಡಿಕೆಯೊಂದಿಗೆ ಸೇರಿ ಮರುತೂಕ ಸಾಧ್ಯವಾಗದಿರಬಹುದು.

ಸಂದರ್ಭ 2: ಸರಿ ಅ, ತಪ್ಪು ಇ. ಮಳೆಗಾಲದ ವಿಳಂಬಕ್ಕೆ ಯಾರ ಅಂಕವನ್ನೂ ಕಳೆಯುತ್ತಿಲ್ಲ. ಬಾಗಿಲ ಮುಂದೆ ಕಾಯುವವರಿಗಾಗಿ ಅಭ್ಯರ್ಥಿ ಏನು ಮಾಡುತ್ತಾರೆ ಎಂಬುದನ್ನಷ್ಟೇ ನೋಡುತ್ತಿದ್ದೇವೆ.