ಗ್ರಾನಾಡಾದ ಕಾರ್ಮೆನ್ ಅವರಿಗೆ

ಪ್ರೀತಿಯ ಸೆನ್ಯೋರಾ ಕಾರ್ಮೆನ್ ಅವರಿಗೆ,

ಓಲಾ! ಸುಖವಾಗಿ ಊರು ತಲುಪಿದೆ. ನಿಮಗೆ ಸ್ಪ್ಯಾನಿಷ್‌ನಲ್ಲೇ ಬರೆಯೋಣ ಅಂತ ಕೂತೆ, ಮೂರು ಸಾಲಿಗೆ ಪದ ಮುಗಿದುಹೋದವು. ಹೇಗೂ ನನ್ನ ಭಾಷೆಯ ದುಂಡು ಅಕ್ಷರ ನೋಡಬೇಕು ಅಂದಿದ್ದಿರಿ ಅಲ್ವಾ? ಅದಕ್ಕೇ ಕನ್ನಡದಲ್ಲಿ ಬರೆದಿದ್ದೇನೆ. ಗೆಳತಿ ಮಾಡಿಕೊಟ್ಟ ಅನುವಾದ ಜೊತೆಗಿದೆ.

ನಿಮ್ಮ ಮನೆಗೆ ಬಂದ ಮೊದಲ ದಿನ ರಾತ್ರಿ ಸುಸ್ತಾಗಿದೆ ಅನ್ನಲು ಹೋಗಿ ‘ಕನ್ಸಾದಾ’ ಬದಲು ‘ಕಸಾದಾ’ ಅಂದೆ. ಮದುವೆಯಾಗಿದೆ ಅಂದುಕೊಂಡು ನೀವು ಗಂಡನ ಬಗ್ಗೆ ವಿಚಾರಿಸಿದಿರಿ. ನಾನೋ ಸುಮ್ನೆ ತಲೆಯಾಡಿಸಿದ್ದೆ! ಈಗಲೂ ನೆನೆದು ನಗುತ್ತೇನೆ.

ನೀವು ಆ ಆಲೂಗಡ್ಡೆ-ಮೊಟ್ಟೆಯ ತೋರ್ತಿಯಾ ಮಗುಚುವ ರೀತಿ ಮಾತ್ರ ಮರೆಯಲಾರೆ. ಬಾಣಲೆ ಮೇಲೆ ತಟ್ಟೆ ಕವುಚಿ, ಅಂಗೈ ಒತ್ತಿ, ಒಂದೇ ಸಲಕ್ಕೆ ತಿರುಗಿಸಿಬಿಡುತ್ತಿದ್ದಿರಿ. ನಿನ್ನೆ ನಾನೂ ಮಾಡಿದೆ. ಅರ್ಧ ಆಲೂಗಡ್ಡೆ ಒಲೆಯ ಪಾಲಾಯಿತು. ಉಳಿದರ್ಧ ಚೆನ್ನಾಗಿತ್ತು, ಉಪ್ಪು ಸ್ವಲ್ಪ ಜಾಸ್ತಿ.

ರಾತ್ರಿ ಹತ್ತಕ್ಕೆ ಊಟ ಅಂದಾಗ ಹೊಟ್ಟೆ ಚುರುಗುಟ್ಟಿತ್ತು, ನಿಜ. ಆದರೆ ಊಟ ಮುಗಿದ ಮೇಲೂ ಏಳದೆ ಹರಟುವ ನಿಮ್ಮ ಸೋಬ್ರೆಮೆಸಾ ಇದೆಯಲ್ಲ, ಅದರಿಂದ ನಾನು ಕಲಿತಷ್ಟು ಸ್ಪ್ಯಾನಿಷ್ ತರಗತಿಯಲ್ಲಿ ಕಲಿಯಲಿಲ್ಲ. ತಪ್ಪು ಮಾತಾಡಿದರೂ ನಡುವೆ ತಡೆಯದೆ ಕಾಯುತ್ತಿದ್ದಿರಿ. ಅಲ್ಬೈಸಿನ್ ಬಡಾವಣೆಯ ಆ ಮಹಡಿಯಿಂದ ಎದುರಿನ ಅಲ್‌ಹಂಬ್ರಾ ಅರಮನೆ ಸಂಜೆ ಕೆಂಪಗಾಗುವುದನ್ನು ನೋಡುತ್ತಾ ಇಬ್ಬರೂ ಮಾತೇ ಆಡದೆ ಕೂತದ್ದೂ ನೆನಪಾಗುತ್ತದೆ.

ಜ್ವರ ಬಂದ ಆ ಎರಡು ದಿನ ಬಾಗಿಲ ಬಳಿ ಸೂಪು ಇಟ್ಟು ಹೋಗುತ್ತಿದ್ದಿರಿ. ಅದಕ್ಕೆ ಏನು ಹೇಳಲಿ? ಮೂಚಾಸ್ ಗ್ರಾಸಿಯಾಸ್, ಅಮ್ಮ.

ನಿಮ್ಮ ನೀಲಿ ಛತ್ರಿ ನನ್ನ ಜೊತೆಗೇ ಬಂದುಬಿಟ್ಟಿದೆ. ವಾಪಸ್ ಕೊಡೋಕೆ ನಾನೇ ಬರಬೇಕು.

ಉನ್ ಅಬ್ರಾಸೋ,
ಸಹನಾ