ಅಪ್ಪ ಅಮ್ಮನಿಗೆ, ನಲವತ್ತನೇ ಮದುವೆಯ ದಿನದ ನಮಸ್ಕಾರಗಳು

ಪ್ರೀತಿಯ ಅಪ್ಪ, ಅಮ್ಮ,

ಇವತ್ತು ಮೇ 10. ನಿಮ್ಮ ಮದುವೆಯಾಗಿ 40 ವರ್ಷ ತುಂಬಿತು. ಇಬ್ಬರಿಗೂ ಮ್ಯೂನಿಕ್‌ನಿಂದ ಸಾಷ್ಟಾಂಗ ನಮಸ್ಕಾರ. ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು, ಜಗುಲಿಯಲ್ಲಿ ಕೂತು ಓದಿ. ಉದ್ದ ಇದೆ. ಅಪ್ಪ ಗಟ್ಟಿಯಾಗಿ ಓದಲಿ, ಅಮ್ಮ ಕೇಳಲಿ.

1986ರಲ್ಲಿ ಕೊಪ್ಪದ ಕಡೆಯ ಹುಡುಗಿ ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಬಂದಳು. ಅಲ್ಲಿಂದ ಇಲ್ಲಿಯವರೆಗೆ ಒಬ್ಬರನ್ನೊಬ್ಬರು ಹೊಗಳಿಕೊಂಡ ಮಾತು ನಿಮ್ಮ ಬಾಯಲ್ಲಿ ಬಂದಿದ್ದು ಕಡಿಮೆಯೇ. ಆದರೆ ನಿಮ್ಮ ದಾಂಪತ್ಯ ಹೇಗಿದೆ ಅಂತ ಯಾರಾದರೂ ಕೇಳಿದರೆ, ಮಳೆ ಹಿಡಿಯುವ ಮುಂಚೆ ನೀವಿಬ್ಬರೂ ಅಂಗಳದಲ್ಲಿ ಅಡಿಕೆಯ ಕೊಳೆ ಮದ್ದು ಕಲಸುವುದನ್ನು ನೋಡಿ ಅಂತ ಹೇಳುತ್ತೇನೆ.

ಹಿಂದಿನ ರಾತ್ರಿಯೇ ಅಪ್ಪ ಒಂದು ಕೆಜಿ ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ, ಐವತ್ತು ಲೀಟರು ನೀರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೇಲ್ಗಡೆ ಮುಳುಗುವಷ್ಟೇ ಇಳಿಬಿಡುತ್ತಾರೆ. ತಳಕ್ಕೆ ಹಾಕಿದರೆ ಹರಳು ಅಲ್ಲೇ ಕೂತು ಬೇಗ ಕರಗುವುದಿಲ್ಲ, ಮೇಲೆ ತೂಗಿದರೆ ಕರಗಿದ್ದು ತಾನಾಗಿ ಕೆಳಗಿಳಿಯುತ್ತದೆ. ಇನ್ನೊಂದು ಡ್ರಮ್ಮಿನ ಐವತ್ತು ಲೀಟರಿಗೆ ಒಂದು ಕೆಜಿ ಸುಣ್ಣ, ಅದು ಅಮ್ಮನದು. ಸುಣ್ಣ ಅರಳಿಸಿ, ಹಳೇ ಪಂಚೆಯಲ್ಲಿ ಎರಡು ಸಲ ಸೋಸುತ್ತಾಳೆ. ಒಂದು ಸಲ ಸಾಕು ಅಂತ ಬಿಟ್ಟರೆ ಮರದ ತುದಿಯಲ್ಲಿರುವ ಕೊನೆಗೌಡನ ಕೈಯಲ್ಲಿ ನಾಜಲ್ ಕಟ್ಟಿಕೊಳ್ಳುತ್ತದೆ, ಅವನು ಮತ್ತೆ ಇಳಿಯಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುವುದು ಅಪ್ಪ, ಕೋಲಿನಲ್ಲಿ ತಿರುಗಿಸುತ್ತಾ ಇರುವುದು ಅಮ್ಮ. ಇಬ್ಬರಲ್ಲಿ ಯಾರು ಅವಸರ ಮಾಡಿದರೂ ಮದ್ದು ಒಡೆಯುತ್ತದೆ.

ಕೊನೆಯ ಪರೀಕ್ಷೆ ಯಾವಾಗಲೂ ಅಮ್ಮನದೇ. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಮದ್ದಿನಲ್ಲಿ ಅದ್ದಿ ತೆಗೆದು, ಬೆಳಕಿಗೆ ಹಿಡಿದು ನೋಡುತ್ತಾಳೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಹುಳಿ ಉಳಿದಿದೆ ಅಂತ ಲೆಕ್ಕ. ಹಾಗೇ ಹೊಡೆದರೆ ಎಳೆಕಾಯಿ ಸುಟ್ಟುಹೋಗುತ್ತದೆ, ಇನ್ನಷ್ಟು ಸುಣ್ಣದ ನೀರು ಹಾಕಲೇಬೇಕು. ಅಮ್ಮ ಕತ್ತಿ ತೋರಿಸುತ್ತಾಳೆ, ಅಪ್ಪ ಚರ್ಚೆ ಮಾಡದೆ ಸುಣ್ಣದ ಬಕೆಟ್ ಎತ್ತುತ್ತಾರೆ. ನಾಳೆ ಹೊಡೆದರಾಯಿತು ಅಂತ ಮದ್ದನ್ನು ಇಟ್ಟುಕೊಳ್ಳುವಂತಿಲ್ಲ, ಅವತ್ತಿನದು ಅವತ್ತೇ ಖಾಲಿಯಾಗಬೇಕು. ನಿಮ್ಮ ಜಗಳಗಳೂ ಹಾಗೇ ಅವತ್ತಿನವು ಅವತ್ತೇ ಮುಗಿದಿವೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರಿಗೆ ಇರುವ ಆ ನಂಬಿಕೆಗಿಂತ ದೊಡ್ಡ ಆಸ್ತಿಯನ್ನು ನೀವು ನಮಗೆ ಕೊಡಬೇಕಾಗಿಲ್ಲ.

ಈಗ ಇವತ್ತಿನ ವಿಷಯ. ಸತ್ಯನಾರಾಯಣ ಪೂಜೆಗೆ ಭಟ್ಟರು ಒಂಬತ್ತೂವರೆಗೆ ಬರುತ್ತಾರೆ. ಸಪಾದ ಭಕ್ಷ್ಯ ಇವತ್ತು ಚಿಕ್ಕಮ್ಮನ ಪಾಲು. ಅಮ್ಮಾ, ದಯವಿಟ್ಟು ನೀನು ಒಲೆ ಮುಂದೆ ಹೋಗಬೇಡ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲವೂ ಒಂದೂಕಾಲು ಪಾವು ಅಂತ ಅವಳಿಗೆ ಗೊತ್ತು. ರವೆ ಘಮ ಬರುವವರೆಗೆ ತುಪ್ಪದಲ್ಲಿ ಹುರಿಯದಿದ್ದರೆ ಅಂಟಂಟಾಗುತ್ತದೆ, ಹಾಲು ಕುದಿಯುತ್ತಿರುವಾಗಲೇ ಸುರಿಯದಿದ್ದರೆ ಗಂಟು ಕಟ್ಟುತ್ತದೆ. ಇದನ್ನೂ ಫೋನಿನಲ್ಲಿ ಹೇಳಿದ್ದೇನೆ. ನೀನು ಅಪ್ಪನ ಪಕ್ಕ ಮಣೆಯ ಮೇಲೆ ಕೂತರೆ ಸಾಕು.

ಧಾರೆ ಸೀರೆಯನ್ನೇ ಉಡು. ಬೇರೆ ಯಾವ ಸೀರೆಯೂ ಬೇಡ. ಸಂಜೆ ಬಿಚ್ಚಿದ ಕೂಡಲೇ ಮಡಚಿ ಬೀರುವಿಗೆ ಇಡಬೇಡ, ಬೆವರಿಗೆ ಜರಿ ಕಪ್ಪಾಗುತ್ತದೆ. ನಡುಮನೆಯ ಹಗ್ಗದ ಮೇಲೆ ನೆರಳಲ್ಲಿ ರಾತ್ರಿಯಿಡೀ ಹರವಿಡು, ಬೆಳಿಗ್ಗೆ ಹಳೇ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆ ಮಡಚು. ನಲವತ್ತು ವರ್ಷದ ರೇಷ್ಮೆ ಒಂದೇ ಗೆರೆಯಲ್ಲಿ ಕೂತರೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಒಗೆದ ಹತ್ತಿ ಪಂಚೆಯಲ್ಲಿ ಸುತ್ತಿಟ್ಟರೆ ಸಾಕು.

ವಿಡಿಯೋ ಕರೆ ನಿಮ್ಮ ಹನ್ನೊಂದು ಗಂಟೆಗೆ, ಇಲ್ಲಿಗೆ ಏಳೂವರೆ. ಫೋನು ಬಡಗು ಕಿಟಕಿಯ ದಂಡೆಯ ಮೇಲಿರಲಿ, ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲೇ. ಕಿಟಕಿ ನಿಮ್ಮ ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗಿ ಕಾಣುತ್ತದೆ, ಎದುರಿಗೆ ಬರುವ ಹಾಗೆ ಕೂತುಕೊಳ್ಳಿ. ಆರತಿ ಎತ್ತುವಾಗ ನಾನೂ ಇರಬೇಕು, ಆಶೀರ್ವಾದ ಬೇಕು.

ಉಡುಗೊರೆ ಏನು ಅಂತ ಅಮ್ಮ ವಾರದಿಂದ ಕೇಳುತ್ತಿದ್ದಾಳೆ. ನೀವಿಬ್ಬರೂ ಇಲ್ಲಿಗೆ ಬರುತ್ತೀರಿ. ಟಿಕೆಟ್ಟಿನ ದುಡ್ಡು ತೆಗೆದಿಟ್ಟಾಗಿದೆ, "ಈ ವರ್ಷ ಬೇಡ" ಅಂತ ಅಪ್ಪ ಶುರು ಮಾಡಬೇಡಿ. ದಿನ ನಿಮ್ಮ ತೋಟ ನೋಡಿಯೇ ಆರಿಸಿದ್ದೇನೆ. ಮೊದಲ ಮದ್ದು ಮಳೆಗೆ ಮುಂಚೆ, ಎರಡನೆಯದು ಸುಮಾರು ನಲವತ್ತೈದು ದಿನ ಬಿಟ್ಟು, ಅಂದರೆ ಜುಲೈ ನಡುವಿಗೆ. ಅದಾದ ಮೇಲೆ ಆಗಸ್ಟ್ ಮೊದಲ ವಾರ ಹೊರಟರೆ ಮೂರು ವಾರ ಇದ್ದು, ಗೌರಿ ಹಬ್ಬಕ್ಕೆ, ಕೊನೆ ಕೊಯ್ಲಿಗೆ ಮುಂಚೆ ಮನೆ ಸೇರಬಹುದು. ಮಳೆ ಬಿಡದೆ ಮೂರನೇ ಮದ್ದು ಬೇಕಾದರೆ ಪಕ್ಕದ ಮನೆ ಮಾವ ನೋಡಿಕೊಳ್ಳುತ್ತೇನೆ ಅಂದಿದ್ದಾರೆ.

ವೀಸಾದ ಕೆಲಸ ಮಾತ್ರ ತಡ ಮಾಡುವ ಹಾಗಿಲ್ಲ. ಖರ್ಚಿನ ಹೊಣೆ ನನ್ನದು ಅಂತ ಇಲ್ಲಿನ ಕಚೇರಿಯಲ್ಲಿ ಸಹಿ ಹಾಕಿದ ಪತ್ರದ ಮೂಲ ಪ್ರತಿಯನ್ನು ಕೊರಿಯರ್ ಮಾಡುತ್ತೇನೆ, ಜೆರಾಕ್ಸ್ ನಡೆಯುವುದಿಲ್ಲ. ನೀವು ಬೀರುವಿನಿಂದ ಪಾಸ್‌ಪೋರ್ಟ್ ತೆಗೆದು ಎರಡು ಹಾಳೆ ಖಾಲಿ ಇವೆಯಾ, ವಾಪಸು ಬಂದ ಮೇಲೆ ಕನಿಷ್ಠ ಮೂರು ತಿಂಗಳು ಅವಧಿ ಉಳಿಯುತ್ತದಾ ಅಂತ ನೋಡಿ. ಊರಿಗೆ ಮರಳುತ್ತೀರಿ ಅನ್ನುವುದಕ್ಕೆ ತೋಟದ ಪಹಣಿಯೇ ಒಳ್ಳೆಯ ದಾಖಲೆ, ಹೊಸದಾಗಿ ತೆಗೆಸಿ. ಪಹಣಿಯಲ್ಲಿ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಒಂದೇ ರೀತಿ ಇದೆಯಾ ಅಂತ ಅಕ್ಷರ ಅಕ್ಷರ ಹೋಲಿಸಿ. ಪ್ರಯಾಣದ ವಿಮೆ ತಲಾ 30,000 ಯೂರೋಗೆ ಕಡಿಮೆ ಇರಬಾರದು, ಅದನ್ನು ನಾನೇ ಮಾಡಿಸುತ್ತೇನೆ. ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಹೋಗಬೇಕು. ಚೊಗರು, ಸುಣ್ಣ ಮೆತ್ತಿದ ಬೆರಳಿಗೆ ಯಂತ್ರ ತಕರಾರು ಮಾಡುತ್ತದೆ, ಹೋಗುವ ವಾರ ಆ ಕೆಲಸ ಬೇಡ. ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದುಕೊಳ್ಳಿ.

ಅಮ್ಮಾ, ವಿಮಾನದಲ್ಲಿ ಹತ್ತು ಗಂಟೆಯ ಹತ್ತಿರ ಕೂರಬೇಕು. ನಿನ್ನ ಮಂಡಿಗೆ ಕಷ್ಟವಾಗದಂತೆ ನಡುದಾರಿಯ ಪಕ್ಕದ ಸೀಟು ಹಿಡಿಯುತ್ತೇನೆ, ಗಂಟೆಗೊಮ್ಮೆ ಎದ್ದು ಓಡಾಡು. ಥೈರಾಯ್ಡ್ ಮಾತ್ರೆ, ಅಪ್ಪನ ಬಿಪಿ ಮಾತ್ರೆ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯ ಜೊತೆ. ಉಪ್ಪಿನಕಾಯಿ ಭರಣಿ ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಗೆ ಹಾಕು. ಅಪ್ಪೆಮಿಡಿ ಹೆಚ್ಚಿಗೇ ಹಾಕು.

ನೀವಿಬ್ಬರೂ ಜೊತೆಯಾಗಿ ಕೆಲಸ ಬಿಟ್ಟು ಮೂರು ವಾರ ಕೂತಿದ್ದನ್ನು ಈ ನಲವತ್ತು ವರ್ಷದಲ್ಲಿ ಯಾರೂ ನೋಡಿಲ್ಲ. ಅದನ್ನು ನೋಡುವ ಆಸೆ ನನಗೆ ತುಂಬಾ ಇದೆ. ಇವತ್ತು ಊಟಕ್ಕೆ ಬಂದವರೆಲ್ಲರ ಎದುರಿಗೇ ಅಪ್ಪ "ಹೋಗ್ತೇವೆ" ಅಂತ ಒಂದು ಮಾತು ಹೇಳಿಬಿಡಿ, ನಾಳೆ ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಹಿಡಿಯುತ್ತೇನೆ.

ನಿಮ್ಮಿಬ್ಬರ ಪಾದಗಳಿಗೆ ನಮಸ್ಕಾರ.

ನಿಮ್ಮ
ಪುಟ್ಟಿ